ಉತ್ತರದಲ್ಲಿ ಚಿತ್ರ ಹೋಗುವುದಿಲ್ಲ ಎಂದು ಹೇಳದ ಆ್ಯಪ್: ಒಂದು ಪ್ರಕರಣ ಅಧ್ಯಯನ

ಕಟ್ಟಡಗಳ ನಿರ್ವಹಣೆಗೆಂದು ಒಂದು ಸಣ್ಣ ತಂಡ ಮಾಡಿದ ಆ್ಯಪ್ ಇದು. ನಲ್ಲಿ ಸೋರಿದರೆ, ಲಿಫ್ಟ್ ನಿಂತರೆ, ಪಂಪು ಸದ್ದು ಮಾಡಿದರೆ ಮೇಲ್ವಿಚಾರಕರು ಅದರಲ್ಲಿ ದೂರು ದಾಖಲಿಸುತ್ತಾರೆ. ತಂತ್ರಜ್ಞರು ಅದೇ ದೂರಿನ ಕೆಳಗೆ ಏನಾದರೂ ಕೇಳಬೇಕಿದ್ದರೆ ಕೇಳುತ್ತಾರೆ, ಉತ್ತರ ಬಂದ ಮೇಲೆ ಸಾಮಾನು ತೆಗೆದುಕೊಂಡು ಹೊರಡುತ್ತಾರೆ. ದೂರು ಬರೆಯುವ ಪುಟದಲ್ಲೂ ಉತ್ತರ ಬರೆಯುವ ಜಾಗದಲ್ಲೂ ಪಠ್ಯದ ಪೆಟ್ಟಿಗೆಯ ಪಕ್ಕ ಒಂದು ಕ್ಯಾಮೆರಾ ಗುರುತು ಇತ್ತು. ಎರಡೂ ಕಡೆ ಗುರುತು ಒಂದೇ, ಒತ್ತಿದರೆ ತೆರೆಯುವ ಫೋಟೊ ಸಂಗ್ರಹವೂ ಒಂದೇ. ಆದರೆ ದೂರಿನ ಜೊತೆ ಹಾಕಿದ ಫೋಟೊ ಸರ್ವರ್‌ನಲ್ಲಿ ಉಳಿಯುತ್ತಿತ್ತು, ಉತ್ತರದ ಜೊತೆ ಹಾಕಿದ ಫೋಟೊ ಉಳಿಯುತ್ತಿರಲಿಲ್ಲ. ಉತ್ತರದಲ್ಲಿ ಚಿತ್ರ ಕಳುಹಿಸುವ ಸೌಲಭ್ಯವನ್ನು ಆ ತಂಡ ಕಟ್ಟಿಯೇ ಇರಲಿಲ್ಲ. ಆ ಮಾತನ್ನು ಆ್ಯಪ್ ಯಾರಿಗೂ ಹೇಳುತ್ತಿರಲಿಲ್ಲ.

ನಾನು ಸಾಫ್ಟ್‌ವೇರ್ ಪರೀಕ್ಷಕ. ಈ ಆ್ಯಪ್ ನನ್ನ ಕೆಲಸದ್ದಲ್ಲ. ಪರಿಚಯದ ಮೇಲ್ವಿಚಾರಕಿಯೊಬ್ಬರು ಇದರಿಂದಾಗಿ ತಂತ್ರಜ್ಞರ ಜೊತೆ ಜಗಳವಾಡುವಷ್ಟರ ಮಟ್ಟಿಗೆ ಹೋಗಿದ್ದರು, ಹಾಗಾಗಿ ನನ್ನ ಕೈಗೆ ಬಂತು. ತಂತ್ರಜ್ಞರು, “ಮೇಡಂ, ಪಂಪಿನ ಮೇಲಿರುವ ಹೆಸರುಫಲಕದ ಫೋಟೊ ಕಳುಹಿಸಿ, ಯಾವ ಅಳತೆಯ ಸೀಲ್ ತರಬೇಕೆಂದು ನೋಡುತ್ತೇನೆ” ಎಂದು ಬರೆದಿದ್ದರು. ಇವರು ಫೋಟೊ ತೆಗೆದು, “ಇದು ನೋಡಿ ಸರ್” ಎಂದು ಬರೆದು ಕಳುಹಿಸಿದರು. ಅತ್ತ ಕಡೆ ತಲುಪಿದ್ದು “ಇದು ನೋಡಿ ಸರ್” ಎಂಬಷ್ಟೇ. ಯಾವುದನ್ನು ನೋಡಬೇಕೆಂದು ತಿಳಿಯದೆ ಅವರು ಅಂದಾಜಿನ ಮೇಲೆ ಒಂದು ಸೀಲ್ ತಂದರು, ಅದು ಕೂರಲಿಲ್ಲ. ಕಳುಹಿಸಿಲ್ಲ ಎಂದು ಅವರು, ಕಳುಹಿಸಿದ್ದೇನೆ ಎಂದು ಇವರು.

ವಿಚಿತ್ರವೆಂದರೆ ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ಉತ್ತರ ಕಳುಹಿಸಿದ ಕೂಡಲೇ ಮೇಲ್ವಿಚಾರಕಿಯ ಪರದೆಯ ಮೇಲೆ ಅವರ ಸಾಲು, ಅದರ ಕೆಳಗೆ ಫೋಟೊ, ಎರಡೂ ಕಾಣುತ್ತಿದ್ದವು. ಇಂದಿನ ಬಹಳಷ್ಟು ಆ್ಯಪ್‌ಗಳು ಸರ್ವರ್‌ನ ಉತ್ತರಕ್ಕೆ ಕಾಯುವುದಿಲ್ಲ. ಎಲ್ಲ ಸರಿಹೋಗುತ್ತದೆ ಎಂದುಕೊಂಡು ಫೋನಿನಲ್ಲೇ ಇರುವ ಪ್ರತಿಯನ್ನು ಮೊದಲು ತೋರಿಸಿಬಿಡುತ್ತವೆ. ಸಂಪರ್ಕ ನಿಧಾನವಾಗಿದ್ದರೂ ಆ್ಯಪ್ ಚುರುಕಾಗಿದೆ ಎನಿಸಲಿ ಎಂಬುದು ಅದರ ಉದ್ದೇಶ. ಇಲ್ಲಿ ಆ ಪ್ರತಿ ಆ್ಯಪ್ ಮುಚ್ಚಿ ಮತ್ತೆ ತೆರೆಯುವವರೆಗೂ ಅಲ್ಲೇ ಇರುತ್ತಿತ್ತು. ತೆರೆದ ಮೇಲೆ ಸರ್ವರ್‌ನಿಂದ ಹೊಸದಾಗಿ ಬಂದ ಪಟ್ಟಿಯಲ್ಲಿ ಬರೀ ಪಠ್ಯ. ಫೋಟೊ ಹೋಯಿತು ಎಂದು ಒಮ್ಮೆ ಕಂಡವರು ಮತ್ತೆ ತಿರುಗಿ ನೋಡುವುದು ಅಪರೂಪ, ಆದ್ದರಿಂದ ಈ ಮಾಯವಾಗುವಿಕೆ ಬಹಳ ದಿನ ಯಾರ ಗಮನಕ್ಕೂ ಬಂದಿರಲಿಲ್ಲ.

ಕಾರಣ ಯಾವುದೆಂದು ಬೇರ್ಪಡಿಸಿದ ಬಗೆ

ನನಗೆ ಬರುವ ಮೊದಲೇ ಮೇಲ್ವಿಚಾರಕಿ ತಯಾರಕರಿಗೆ ಒಂದು ಸಾಲು ಬರೆದಿದ್ದರು: “ಫೋಟೊ ಹೋಗುತ್ತಿಲ್ಲ, ದಯವಿಟ್ಟು ಸರಿಪಡಿಸಿ.” ಉತ್ತರವೂ ಬಂದಿತ್ತು: ಇಂಟರ್‌ನೆಟ್ ಸಂಪರ್ಕ ಪರಿಶೀಲಿಸಿ, ಆ್ಯಪ್ ಅಪ್‌ಡೇಟ್ ಮಾಡಿ, ಫೋಟೊ ಸಂಗ್ರಹಕ್ಕೆ ಅನುಮತಿ ಕೊಟ್ಟಿದ್ದೀರಾ ನೋಡಿ. ಇದನ್ನು ಉಡಾಫೆ ಎನ್ನಲು ನನಗೆ ಮನಸ್ಸಿಲ್ಲ. “ಹೋಗುತ್ತಿಲ್ಲ” ಎಂಬ ಒಂದೇ ಪದದ ಹಿಂದೆ ಸಂಪರ್ಕ, ಅನುಮತಿ, ಫೋಟೊದ ಗಾತ್ರ, ಫೋಟೊದ ಬಗೆ, ಎಲ್ಲವೂ ಅಡಗಿರಬಹುದು. ಓದುವವರು ತಮಗೆ ಹೆಚ್ಚು ಪರಿಚಿತವಾದ ಕಾರಣವನ್ನು ಹಿಡಿದುಕೊಳ್ಳುತ್ತಾರೆ. ಬೇಕಾದದ್ದು, ಈ ಕಾರಣಗಳೆಲ್ಲ ಅಲ್ಲ ಎಂದು ತೋರಿಸುವ ಪುರಾವೆ.

ಮೊದಲು ಅನುಮಾನ ಬಂದದ್ದು ಫೋಟೊದ ಬಗೆಯ ಮೇಲೆ. ಮೇಲ್ವಿಚಾರಕಿಯದು ಐಫೋನ್. 2017ರಲ್ಲಿ ಬಂದ ಐಒಎಸ್ 11ರಿಂದ ಐಫೋನ್ ಕ್ಯಾಮೆರಾ ಸಾಮಾನ್ಯವಾಗಿ ಜೆಪೆಗ್ ಬದಲು ಹೈಕ್ ಎಂಬ ಬಗೆಯಲ್ಲಿ ಫೋಟೊ ಉಳಿಸುತ್ತದೆ. ಜಾಗ ಕಡಿಮೆ ಹಿಡಿಯುತ್ತದೆ, ಆದರೆ ಅದನ್ನು ಓದಲು ಬಾರದ ಸರ್ವರ್‌ಗಳು ಇನ್ನೂ ಹೇರಳವಾಗಿವೆ. ಕಡತದ ಹೆಸರನ್ನು `.heic` ಇದ್ದದ್ದನ್ನು `.jpg` ಎಂದು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಜೆಪೆಗ್ ಕಡತದ ಮೊದಲ ಮೂರು ಬೈಟ್‌ಗಳು `FF D8 FF` ಆಗಿರುತ್ತವೆ. ಹೈಕ್ ಕಡತದಲ್ಲಿ ಐದನೆಯ ಬೈಟ್‌ನಿಂದ `ftyp` ಎಂಬ ನಾಲ್ಕು ಅಕ್ಷರಗಳು ಸಿಗುತ್ತವೆ. ಹೆಸರನ್ನು ನಂಬದೆ ಆ ಬೈಟ್‌ಗಳನ್ನು ನೋಡಿ, ಖಾತ್ರಿಯಾಗಿ ಜೆಪೆಗ್ ಆಗಿರುವ ಒಂದು ಚಿಕ್ಕ ಫೋಟೊವನ್ನು ಆರಿಸಿಕೊಂಡೆ. ಗಾತ್ರದ ಅನುಮಾನವೂ ಅದರಿಂದಲೇ ಹೋಯಿತು, ಏಕೆಂದರೆ ಅದು ನೂರು ಕಿಲೊಬೈಟ್ ಕೂಡ ಇರಲಿಲ್ಲ.

ಅದೇ ಫೋಟೊ, ಅದೇ ಫೋನ್, ಅದೇ ಖಾತೆ, ಅದೇ ವೈಫೈ. ಹೊಸ ದೂರಿನಲ್ಲಿ ಹಾಕಿದೆ, ಉಳಿಯಿತು. ಅದೇ ದೂರಿನ ಉತ್ತರದಲ್ಲಿ ಹಾಕಿದೆ, ಆ್ಯಪ್ ಮುಚ್ಚಿ ತೆರೆದಾಗ ಇರಲಿಲ್ಲ. ಬದಲಾದದ್ದು ಜಾಗ ಒಂದೇ, ಆದ್ದರಿಂದ ಕಾರಣವೂ ಅಲ್ಲೇ ಇರಬೇಕು. ಇಂಥ ಜೋಡಿ ಪರೀಕ್ಷೆ ತಯಾರಕರಿಗೆ ಬರೆಯುವ ಯಾರಿಗಾದರೂ ಸಾಧ್ಯ, ಇದಕ್ಕೆ ತಂತ್ರಜ್ಞಾನ ಗೊತ್ತಿರಬೇಕಿಲ್ಲ. ಯಶಸ್ವಿಯಾದ ಒಂದು ಪ್ರಯತ್ನ ಪಕ್ಕದಲ್ಲಿದ್ದರೆ ಮಾತ್ರ ವಿಫಲವಾದ ಪ್ರಯತ್ನಕ್ಕೆ ಅರ್ಥ ಬರುತ್ತದೆ.

ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ, ಏಕೆಂದರೆ ಆ್ಯಪ್‌ಗೆ ಬ್ರೌಸರ್ ಆವೃತ್ತಿಯೂ ಇತ್ತು. ಬ್ರೌಸರ್‌ನ ಡೆವಲಪರ್ ಸಾಧನಗಳಲ್ಲಿ ನೆಟ್‌ವರ್ಕ್ ಎಂಬ ಭಾಗವಿದೆ. ಪುಟ ಏನನ್ನು ಕಳುಹಿಸಿತು, ಸರ್ವರ್ ಏನೆಂದಿತು ಎಂಬುದು ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಈ ಬಾರಿ ಬೇಕೆಂದೇ ದೊಡ್ಡ ಫೋಟೊ ಹಾಕಿದೆ. ಕಂಡದ್ದರ ಸಾರ ಇದು:

```
POST /complaints/5127/replies
Content-Type: multipart/form-data
Content-Length: 3914220

HTTP/1.1 201 Created
{"id": 88, "text": "ಇದು ನೋಡಿ ಸರ್", "attachments": []}
```

ಮೂರನೆಯ ಸಾಲಿನ ಸಂಖ್ಯೆ ನೋಡಿ. ಸುಮಾರು 3.9 ಮೆಗಾಬೈಟ್ ಇಲ್ಲಿಂದ ಹೊರಟಿದೆ, ಅಂದರೆ ಫೋಟೊ ನಿಜಕ್ಕೂ ಸರ್ವರ್ ತನಕ ಹೋಗಿದೆ. ಸರ್ವರ್ “ಉತ್ತರ ದಾಖಲಾಯಿತು” ಎಂಬರ್ಥದ 201 ಕೊಟ್ಟಿದೆ, ಜೊತೆಗೆ ಲಗತ್ತುಗಳ ಪಟ್ಟಿ ಖಾಲಿ ಎಂದಿದೆ. ಬಂದ ಸರಕನ್ನು ಬಾಗಿಲಲ್ಲಿ ಇಳಿಸಿಕೊಂಡು, ರಸೀದಿಗೆ ಸಹಿ ಹಾಕಿ, ಹಿತ್ತಲಲ್ಲಿ ಎಸೆದಂತೆ. ಮೊಬೈಲ್ ಡೇಟಾ ಮಾತ್ರ ಬಳಕೆದಾರರ ಲೆಕ್ಕಕ್ಕೆ.

ಸರ್ವರ್ ಬರಹದಲ್ಲಿ ಇದು ಅಪರೂಪವೇನಲ್ಲ. ಉತ್ತರವನ್ನು ಸ್ವೀಕರಿಸುವ ಭಾಗಕ್ಕೆ ಪಠ್ಯವನ್ನಷ್ಟೇ ಓದಲು ಹೇಳಿದ್ದರೆ, ಜೊತೆಗೆ ಬಂದ ಕಡತವನ್ನು ಅದು ತಪ್ಪೆಂದು ಎಣಿಸುವುದಿಲ್ಲ, ಕಣ್ಣೆತ್ತಿಯೂ ನೋಡುವುದಿಲ್ಲ ಅಷ್ಟೆ. ತಪ್ಪೇ ನಡೆದಿಲ್ಲವಾದ್ದರಿಂದ ದೋಷದ ದಾಖಲೆಯೂ ಇಲ್ಲ. ತಯಾರಕರು ತಮ್ಮ ಲಾಗ್‌ಗಳನ್ನು ತಿರುವಿ ಹಾಕಿ “ನಮ್ಮ ಕಡೆ ಎಲ್ಲ ಸರಿಯಾಗಿದೆ” ಎಂದರೆ ಅದು ಪ್ರಾಮಾಣಿಕ ಮಾತೇ ಆಗಿರುತ್ತದೆ.

ಏನನ್ನು ಕೇಳಬೇಕು

ಇಲ್ಲಿ ನಾನು ಸ್ವಲ್ಪ ಹೊತ್ತು ಯೋಚಿಸಿದೆ. ಮೇಲ್ವಿಚಾರಕಿಗೆ ಬೇಕಾಗಿದ್ದದ್ದು ಉತ್ತರದಲ್ಲೇ ಫೋಟೊ ಹೋಗುವುದು. ಅದನ್ನು ಕೇಳಿದರೆ ಅದೊಂದು ಹೊಸ ಸೌಲಭ್ಯದ ಬೇಡಿಕೆಯಾಗುತ್ತದೆ. ಶೇಖರಣೆಯ ಖರ್ಚು, ಅನುಮತಿಯ ನಿಯಮಗಳು, ಹಳೆಯ ಚಿತ್ರಗಳನ್ನು ಅಳಿಸುವ ವ್ಯವಸ್ಥೆ, ಇವೆಲ್ಲ ನಿರ್ಧಾರವಾಗಬೇಕು. ಸಣ್ಣ ತಂಡದಲ್ಲಿ ಅದು ತಿಂಗಳುಗಟ್ಟಲೆ ಸರದಿಯಲ್ಲಿ ಕಾಯುತ್ತದೆ, ಕಾದಷ್ಟು ಕಾಲವೂ ಫೋಟೊಗಳು ಸದ್ದಿಲ್ಲದೆ ಮಾಯವಾಗುತ್ತಿರುತ್ತವೆ. “ಇಲ್ಲಿ ಚಿತ್ರ ಹೋಗುವುದಿಲ್ಲ” ಎಂದು ಹೇಳುವ ಒಂದು ಸಾಲು ಬೇರೆಯೇ ಕೆಲಸ, ಹೆಚ್ಚೆಂದರೆ ಒಂದೆರಡು ದಿನದ್ದು. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಚಿಕ್ಕದು ದೊಡ್ಡದಕ್ಕೆ ಅಂಟಿಕೊಂಡು ಅದರ ಜೊತೆಗೇ ಮುಂದಕ್ಕೆ ಹೋಗುತ್ತದೆ. ಪತ್ರ ಸಂದೇಶವನ್ನು ಮಾತ್ರ ಕೇಳಬೇಕು, ಸೌಲಭ್ಯವನ್ನು ಕೇಳುತ್ತಿಲ್ಲ ಎಂದೂ ಬಾಯಿಬಿಟ್ಟು ಹೇಳಬೇಕು ಎಂದು ತೀರ್ಮಾನಿಸಿದೆ. ಮೇಲ್ವಿಚಾರಕಿಗೆ ಇದು ಅಷ್ಟೇನೂ ರುಚಿಸಲಿಲ್ಲ. “ಇಷ್ಟು ಬರೆಯುವವರು ಫೋಟೊನೂ ಹೋಗುವ ಹಾಗೆ ಮಾಡಿ ಎಂದು ಬರೆದರೇನು?” ಎಂದರು. ಅದಕ್ಕೆ ಬೇರೆ ಪತ್ರ ಬರೆಯೋಣ ಎಂದು ಒಪ್ಪಿಸಿದೆ.

ಬಳಸಬೇಕಾದ ಪಠ್ಯವನ್ನೂ ನಾವೇ ಬರೆದುಕೊಡುವುದು ನನ್ನ ರೂಢಿ. “ಸ್ಪಷ್ಟ ಸಂದೇಶ ಕೊಡಿ” ಎಂದಷ್ಟೇ ಬರೆದರೆ “ಅಪ್‌ಲೋಡ್ ವಿಫಲವಾಗಿದೆ” ಎಂಬ ಸಾಲು ಬರುವ ಸಾಧ್ಯತೆ ಹೆಚ್ಚು. ಬರೆದವರಿಗೆ ಅದು ಸ್ಪಷ್ಟವಾಗಿಯೇ ಕಾಣುತ್ತದೆ. ಹೋದ ಪತ್ರ ಹೀಗಿತ್ತು:

> ನಮಸ್ಕಾರ. ದೂರಿಗೆ ಉತ್ತರ ಬರೆಯುವ ಜಾಗದಲ್ಲಿ ಚಿತ್ರ ಸೇರಿಸಿದರೆ ಪಠ್ಯ ಮಾತ್ರ ಉಳಿಯುತ್ತದೆ, ಚಿತ್ರ ಉಳಿಯುವುದಿಲ್ಲ, ಆದರೆ ಆ್ಯಪ್ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಕಳುಹಿಸಿದವರ ಪರದೆಯಲ್ಲಿ ಆ್ಯಪ್ ಮುಚ್ಚುವವರೆಗೂ ಚಿತ್ರ ಕಾಣುತ್ತಿರುವುದರಿಂದ ತಲುಪಿದೆ ಎಂದೇ ಅವರು ನಂಬುತ್ತಾರೆ.
>
> ನೋಡುವ ವಿಧಾನ: 100 ಕಿಲೊಬೈಟ್‌ಗಿಂತ ಚಿಕ್ಕದಾದ ಒಂದು ಜೆಪೆಗ್ ಚಿತ್ರವನ್ನು ಹೊಸ ದೂರಿನಲ್ಲಿ ಹಾಕಿ, ಉಳಿಯುತ್ತದೆ. ಅದೇ ಚಿತ್ರವನ್ನು ಅದೇ ಫೋನಿನಿಂದ ಆ ದೂರಿನ ಉತ್ತರದಲ್ಲಿ ಹಾಕಿ, ಆ್ಯಪ್ ಮುಚ್ಚಿ ತೆರೆಯಿರಿ. ಚಿತ್ರ ಇರುವುದಿಲ್ಲ. ಫೋನಿನಲ್ಲೂ ಬ್ರೌಸರ್‌ನಲ್ಲೂ ಹೀಗೆಯೇ ಆಗುತ್ತದೆ. ಬ್ರೌಸರ್‌ನಲ್ಲಿ ನೋಡಿದರೆ ಚಿತ್ರ ಪೂರ್ತಿ ಸರ್ವರ್‌ಗೆ ಹೋಗಿ, 201ರ ಜೊತೆ ಖಾಲಿ ಲಗತ್ತು ಪಟ್ಟಿ ಮರಳಿ ಬರುತ್ತದೆ. ಆದ್ದರಿಂದ ಸಂಪರ್ಕ, ಅನುಮತಿ, ಗಾತ್ರ, ಚಿತ್ರದ ಬಗೆ ಇವು ಕಾರಣವಲ್ಲ ಎಂದು ನಮ್ಮ ಅಂದಾಜು.
>
> ಉತ್ತರದಲ್ಲಿ ಚಿತ್ರದ ಸೌಲಭ್ಯ ಕೊಡಿ ಎಂದು ಈ ಪತ್ರದಲ್ಲಿ ಕೇಳುತ್ತಿಲ್ಲ. ಇಲ್ಲದಿದ್ದರೆ ಇಲ್ಲ ಎಂದು ಚಿತ್ರ ಆರಿಸುವ ಮೊದಲೇ ತಿಳಿಸಿ ಎಂದಷ್ಟೇ ಕೋರಿಕೆ. ಪಠ್ಯ ಹೀಗಿರಬಹುದು: “ಉತ್ತರದಲ್ಲಿ ಚಿತ್ರ ಕಳುಹಿಸಲು ಆಗುವುದಿಲ್ಲ. ಚಿತ್ರವನ್ನು ಮೂಲ ದೂರಿಗೆ ಸೇರಿಸಿ. ನೀವು ಬರೆದ ಪಠ್ಯ ಹಾಗೇ ಇದೆ.” ಈ ಸಾಲಿನ ಕೆಳಗೆ “ಮೂಲ ದೂರು ತೆರೆಯಿರಿ” ಎಂಬ ಗುಂಡಿ ಇದ್ದರೆ ಸಾಕು. “ಮತ್ತೆ ಪ್ರಯತ್ನಿಸಿ” ಎಂದು ದಯವಿಟ್ಟು ಬರೆಯಬೇಡಿ. ಎಷ್ಟು ಸಲ ಪ್ರಯತ್ನಿಸಿದರೂ ಇದು ಆಗುವ ಕೆಲಸವಲ್ಲ.

ಕೊನೆಯ ವಾಕ್ಯ ಸ್ವಲ್ಪ ಖಾರವಾಯಿತು ಎಂದು ಮೇಲ್ವಿಚಾರಕಿಗೆ ಅನಿಸಿತು. ನಾನು ಅದನ್ನು ಉಳಿಸಿಕೊಂಡೆ. ತಾತ್ಕಾಲಿಕ ತೊಂದರೆಗೂ ಶಾಶ್ವತವಾಗಿ ಇಲ್ಲದ ಸೌಲಭ್ಯಕ್ಕೂ ಒಂದೇ ಸಂದೇಶ ಬಳಸುವುದು ಈ ಬಗೆಯ ಆ್ಯಪ್‌ಗಳ ಮುಖ್ಯ ದೋಷ. ಸಂಪರ್ಕ ಕಡಿದಾಗ ಮತ್ತೆ ಪ್ರಯತ್ನಿಸಿ ಎನ್ನುವುದು ಸರಿಯಾದ ಸಲಹೆ. ಸೌಲಭ್ಯವೇ ಇಲ್ಲದ ಕಡೆ ಅದೇ ಮಾತು ಜನರನ್ನು ಮಾಳಿಗೆ ಹತ್ತಿಸುತ್ತದೆ, ಸಿಗ್ನಲ್ ಹುಡುಕಿಸುತ್ತದೆ, ಫೋನನ್ನು ಆರಿಸಿ ಹಚ್ಚಿಸುತ್ತದೆ.

ಪ್ರಸ್ತಾಪಿಸಿದ ಸಂದೇಶದ ಮೂರನೆಯ ವಾಕ್ಯ, ಪಠ್ಯ ಹಾಗೇ ಇದೆ ಎಂಬುದು, ಅನವಶ್ಯಕ ಎಂದು ಕೆಲವರಿಗೆ ತೋರಬಹುದು. ಸಣ್ಣ ಪರದೆಯ ಮೇಲೆ ಬೆರಳಲ್ಲಿ ಐದಾರು ಸಾಲು ಕುಟ್ಟಿದವರಿಗೆ ಯಾವುದೇ ಎಚ್ಚರಿಕೆ ಕಂಡ ಕೂಡಲೇ ಬರುವ ಮೊದಲ ಭಯ, ಬರೆದದ್ದೆಲ್ಲ ಹೋಯಿತೇ ಎಂಬುದು. ಆ ಭಯದಲ್ಲಿ ಅವರು ಉಳಿದ ಎರಡು ವಾಕ್ಯಗಳನ್ನು ಓದುವುದೇ ಇಲ್ಲ.

ಮೊದಲ ತಿದ್ದುಪಡಿ

ತಯಾರಕರ ಕಡೆಯ ಡೆವಲಪರ್ ಒಬ್ಬರು ಉತ್ತರಿಸಿದರು. ಉತ್ತರಗಳಲ್ಲಿ ಚಿತ್ರ ಸೇರಿಸುವುದು ಮುಂದಿನ ಯೋಜನೆಯಲ್ಲಿದೆ ಎಂಬ ನಿರೀಕ್ಷಿತ ಸಾಲು ಇದ್ದೇ ಇತ್ತು. ಆದರೆ ಪತ್ರದಲ್ಲಿ ಅದನ್ನು ಕೇಳಿರಲಿಲ್ಲವಾದ್ದರಿಂದ ಅವರು ಅಲ್ಲಿಗೇ ನಿಲ್ಲಿಸುವಂತಿರಲಿಲ್ಲ. ಕಾರಣವನ್ನೂ ವಿವರಿಸಿದರು. ಬರೆಯುವ ಪೆಟ್ಟಿಗೆಯನ್ನು ಅವರು ಒಂದೇ ಸಲ ಕಟ್ಟಿ, ಹೊಸ ದೂರಿಗೂ ಉತ್ತರಕ್ಕೂ ಬಳಸಿದ್ದರು. ಚಿತ್ರ ಬೇಡವಾದ ಕಡೆ ಕ್ಯಾಮೆರಾ ಗುರುತನ್ನು ಮರೆಮಾಡುವ ಆಯ್ಕೆ ಆ ಪೆಟ್ಟಿಗೆಯಲ್ಲಿತ್ತು, ಆದರೆ ಯಾರೂ ಏನೂ ಮಾಡದಿದ್ದರೆ ಗುರುತು ಕಾಣುತ್ತಲೇ ಇರುವಂತೆ ಹೊಂದಿಸಿತ್ತು. ಉತ್ತರದ ಪುಟದಲ್ಲಿ ಅದನ್ನು ಮರೆಮಾಡುವುದನ್ನು ಯಾರೂ ನೆನಪಿಟ್ಟಿರಲಿಲ್ಲ.

ಅವರು ಮಾಡಿದ ಮೊದಲ ಬದಲಾವಣೆ, ಕಳುಹಿಸುವ ಗುಂಡಿ ಒತ್ತಿದಾಗ ಪರದೆಯ ಕೆಳಗೆ ಕ್ಷಣಕಾಲ ಕಂಡು ತಾನಾಗಿ ಮಾಯವಾಗುವ ಒಂದು ಟೋಸ್ಟ್ ಸಂದೇಶ. ಪಠ್ಯ ನಾವು ಕೊಟ್ಟದ್ದೇ. ಆದರೂ ಅದು ಕೆಲಸಕ್ಕೆ ಬರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಟೋಸ್ಟ್‌ಗೆ ಎರಡೇ ಅವಧಿ, ಎರಡು ಸೆಕೆಂಡ್ ಅಥವಾ ಮೂರೂವರೆ ಸೆಕೆಂಡ್. ಆಂಡ್ರಾಯ್ಡ್ 12ಕ್ಕೆ ಹೊಂದಿಸಿದ ಆ್ಯಪ್‌ಗಳಲ್ಲಿ ಅದು ಎರಡು ಸಾಲಿಗಿಂತ ಹೆಚ್ಚು ತೋರಿಸುವುದಿಲ್ಲ. ಕನ್ನಡದ ಮೂರು ವಾಕ್ಯಗಳು ಎರಡು ಸಾಲಿನಲ್ಲಿ ಹಿಡಿಯುವುದಿಲ್ಲ; ಪರೀಕ್ಷಿಸಿದ ಫೋನಿನಲ್ಲಿ “ಚಿತ್ರವನ್ನು ಮೂಲ” ಎಂಬಲ್ಲಿಗೆ ಕತ್ತರಿಸಿತ್ತು. ಏನು ಮಾಡಬೇಕೆಂಬ ಭಾಗವೇ ಕಾಣೆ. ಅದಕ್ಕಿಂತ ಮುಖ್ಯವಾಗಿ, ಅದು ತಡವಾಗಿ ಬರುತ್ತಿತ್ತು. ಬಳಕೆದಾರರು ಪಂಪಿನ ಬಳಿಗೆ ಹೋಗಿ, ಬೆಳಕು ಹೊಂದಿಸಿ, ಫಲಕ ಒರೆಸಿ ಫೋಟೊ ತೆಗೆದು, ಆರಿಸಿ, ಪಠ್ಯ ಬರೆದು, ಗುಂಡಿ ಒತ್ತಿದ ಮೇಲೆ ಆಗುವುದಿಲ್ಲ ಎನ್ನುವುದು ಸೂಚನೆಯಾಗುವುದಿಲ್ಲ, ಶಿಕ್ಷೆಯಾಗುತ್ತದೆ.

ಎರಡನೆಯ ಪತ್ರದಲ್ಲಿ ಇದನ್ನೇ ಬರೆದೆ, ಪರದೆಯ ಚಿತ್ರದೊಂದಿಗೆ. ಪರದೆ ಓದುವ ತಂತ್ರಾಂಶ ಬಳಸುವವರ ಮಾತನ್ನೂ ಸೇರಿಸಿದೆ. ಜಾಲಪುಟಗಳ ಸುಗಮತೆಯ ಮಾನದಂಡವಾದ ಡಬ್ಲ್ಯುಸಿಎಜಿಯ 2018ರ 2.1 ಆವೃತ್ತಿ, ಇಂಥ ಸ್ಥಿತಿ ಸಂದೇಶಗಳು ಬಳಕೆದಾರರ ಗಮನವನ್ನು ಬೇರೆಡೆ ಎಳೆಯದೆಯೇ ಸಹಾಯಕ ತಂತ್ರಾಂಶಕ್ಕೆ ತಿಳಿಯುವಂತಿರಬೇಕು ಎಂದು 4.1.3ನೆಯ ನಿಯಮದಲ್ಲಿ ಹೇಳುತ್ತದೆ. ಬ್ರೌಸರ್ ಆವೃತ್ತಿಯಲ್ಲಿ ಆ ಸಾಲು ಕಣ್ಣಿಗೆ ಕಾಣುತ್ತಿತ್ತೇ ಹೊರತು, ಅದಕ್ಕೆ `role="status"` ಎಂಬ ಗುರುತು ಇಲ್ಲದ ಕಾರಣ ಯಾರಿಗೂ ಕೇಳುತ್ತಿರಲಿಲ್ಲ.

ಈ ಬಾರಿ ಅವರು ಸರಿಯಾದ ಕಡೆ ಕೈ ಹಾಕಿದರು. ಉತ್ತರದ ಜಾಗದಿಂದ ಕ್ಯಾಮೆರಾ ಗುರುತನ್ನೇ ತೆಗೆದು, ಪೆಟ್ಟಿಗೆಯ ಕೆಳಗೆ ಯಾವಾಗಲೂ ಕಾಣುವ ಚಿಕ್ಕ ಸಾಲೊಂದನ್ನು ಹಾಕಿದರು: “ಚಿತ್ರವನ್ನು ಮೂಲ ದೂರಿಗೆ ಸೇರಿಸಿ”, ಒತ್ತಿದರೆ ದೂರೇ ತೆರೆಯುತ್ತದೆ. ಗುರುತನ್ನು ತೆಗೆದರೆ ಸಾಕಿತ್ತು, ಸಾಲು ಯಾಕೆ ಎಂಬ ಪ್ರಶ್ನೆ ಅವರ ತಂಡದಲ್ಲೇ ಎದ್ದಿತಂತೆ. ಹೊಸ ದೂರಿನಲ್ಲಿ ಕ್ಯಾಮೆರಾ ಕಂಡವರು ಉತ್ತರದಲ್ಲೂ ಅದನ್ನು ಹುಡುಕುತ್ತಾರೆ, ಸಿಗದಿದ್ದರೆ ತಮ್ಮ ಫೋನಿನಲ್ಲೇ ಏನೋ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಸಾಲು ಇರಲೇಬೇಕೆಂಬುದು ನನ್ನ ಪಟ್ಟು.

ಆದರೆ ಚಿತ್ರ ಒಳಬರಲು ಕ್ಯಾಮೆರಾ ಗುರುತೊಂದೇ ದಾರಿಯಲ್ಲ. ಬ್ರೌಸರ್‌ನಲ್ಲಿ ನಕಲು ಮಾಡಿದ ಚಿತ್ರವನ್ನು ನೇರ ಪೆಟ್ಟಿಗೆಗೆ ಅಂಟಿಸಬಹುದು. ಆಂಡ್ರಾಯ್ಡ್‌ನಲ್ಲಿ ಕೀಲಿಮಣೆಯಿಂದಲೇ ಚಿತ್ರ ತೂರಿಸಬಹುದು. ಫೋಟೊ ಸಂಗ್ರಹದಲ್ಲಿ ನಿಂತು “ಹಂಚಿಕೊಳ್ಳಿ” ಒತ್ತಿ ಈ ಆ್ಯಪ್ ಆರಿಸಬಹುದು. ಈ ಹಿಂಬಾಗಿಲುಗಳಿಂದ ಬರುವ ಚಿತ್ರಕ್ಕೆ ಸರ್ವರ್ ಏನೆನ್ನಬೇಕು ಎಂಬಲ್ಲಿ ಪ್ರಕರಣ ತಿರುವು ಪಡೆಯಿತು.

ಸರ್ವರ್ ಬಾಯಿಬಿಟ್ಟಾಗ

ಡೆವಲಪರ್ ಪುಸ್ತಕದಲ್ಲಿದ್ದಂತೆಯೇ ಮಾಡಿದರು. ಆ್ಯಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲಿ 415 ಎಂಬ ಸಂಕೇತವಿದೆ. ಕಳುಹಿಸಿದ ವಸ್ತುವಿನ ಬಗೆಯನ್ನು ಇಲ್ಲಿ ಸ್ವೀಕರಿಸಲಾಗದು ಎಂಬುದು ಅದರ ಅರ್ಥ. ಕಡತವಿರುವ ಉತ್ತರ ಬಂದರೆ ಸರ್ವರ್ ಇನ್ನು ಮುಂದೆ 201 ಅನ್ನದೆ 415 ಅನ್ನುವಂತೆ ಬದಲಾಯಿಸಿದರು. ಹೊಸ ಆವೃತ್ತಿಯ ಆ್ಯಪ್ ಆ ಸಂಕೇತ ಕಂಡರೆ ನಾವು ಕೊಟ್ಟ ಮೂರು ವಾಕ್ಯಗಳನ್ನು ತೋರಿಸುತ್ತದೆ, ಪಠ್ಯವನ್ನು ಪೆಟ್ಟಿಗೆಯಲ್ಲೇ ಉಳಿಸುತ್ತದೆ. ನಮ್ಮ ಫೋನುಗಳಲ್ಲಿ ಅಚ್ಚುಕಟ್ಟಾಗಿ ನಡೆಯಿತು.

ತಂತ್ರಜ್ಞರ ಫೋನಿನಲ್ಲಿ ಮಾತ್ರ ಪರಿಸ್ಥಿತಿ ಮೊದಲಿಗಿಂತ ಕೆಟ್ಟಿತು. ಅವರ ಫೋನಿನಲ್ಲಿ ಆ್ಯಪ್‌ಗಳು ತಾವಾಗಿ ಅಪ್‌ಡೇಟ್ ಆಗದಂತೆ ಆರಿಸಿಟ್ಟಿದ್ದರು, ಹಾಗಾಗಿ ಹಳೆಯ ಆವೃತ್ತಿಯೇ ಇತ್ತು, ಕ್ಯಾಮೆರಾ ಗುರುತೂ ಇತ್ತು. ಹಳೆಯ ಆವೃತ್ತಿಗೆ 415 ಎಂದರೇನೆಂದು ಗೊತ್ತಿಲ್ಲ. ಗೊತ್ತಿಲ್ಲದ ಯಾವ ಸಂಕೇತ ಬಂದರೂ ಅದು ತೋರಿಸುತ್ತಿದ್ದದ್ದು ಒಂದೇ ಸಾಲು: “ಏನೋ ತಪ್ಪಾಗಿದೆ. ಮತ್ತೆ ಪ್ರಯತ್ನಿಸಿ.” ಮೊದಲು ಫೋಟೊ ಹೋಗದಿದ್ದರೂ ಪಠ್ಯವಾದರೂ ತಲುಪುತ್ತಿತ್ತು. ಈಗ ಸರ್ವರ್ ಇಡೀ ಉತ್ತರವನ್ನೇ ತಿರಸ್ಕರಿಸುತ್ತಿದ್ದುದರಿಂದ ಪಠ್ಯವೂ ಹೋಗುತ್ತಿರಲಿಲ್ಲ. ಅವರು ಬದಲಿಸಿದ ಬಿಡಿಭಾಗದ ಫೋಟೊ ಸಮೇತ ಕೆಲಸದ ವರದಿ ಬರೆದು, ಪಾಪ, ಮತ್ತೆ ಮತ್ತೆ ಒತ್ತುತ್ತಲೇ ಇದ್ದರು.

ಫೋನಿನ ಆ್ಯಪ್‌ಗಳಿಗೆ ಸಂದೇಶ ಸೇರಿಸುವ ಯಾರೇ ಆದರೂ ಮೊದಲು ಯೋಚಿಸಬೇಕಾದದ್ದು ಇದನ್ನೇ. ಬ್ರೌಸರ್ ಪುಟವಾದರೆ ಮರುದಿನ ಎಲ್ಲರಿಗೂ ಹೊಸದೇ ಸಿಗುತ್ತದೆ. ಫೋನಿನಲ್ಲಿ ಹಳೆಯ ಆವೃತ್ತಿಗಳು ತಿಂಗಳು ವರ್ಷಗಟ್ಟಲೆ ಬದುಕಿರುತ್ತವೆ, ಅವುಗಳ ಬಾಯಿಗೆ ಹೊಸ ಮಾತು ತುರುಕಲು ಬರುವುದಿಲ್ಲ. ಸರ್ವರ್ ಕಳುಹಿಸಿದ ವಿವರಣೆಯನ್ನು ಹಾಗೇ ತೋರಿಸುವಂತೆ ಮೊದಲ ದಿನದಿಂದ ಬರೆದಿದ್ದರೆ ತೊಂದರೆ ಇರುತ್ತಿರಲಿಲ್ಲ. ದೋಷದ ಸಂಕೇತದ ಜೊತೆಗೆ ಮನುಷ್ಯರು ಓದುವ ವಿವರಣೆಯನ್ನೂ ಕಳುಹಿಸಲು 2023ರ ಆರ್‌ಎಫ್‌ಸಿ 9457 ಎಂಬ ಇಂಟರ್‌ನೆಟ್ ಮಾನದಂಡ ಒಂದು ಸಿದ್ಧ ರೂಪವನ್ನೇ ಕೊಟ್ಟಿದೆ. ಆದರೆ ಈ ಆ್ಯಪ್‌ನ ಹಳೆಯ ಆವೃತ್ತಿ ಸಂಕೇತವನ್ನಷ್ಟೇ ನೋಡಿ, ವಿವರಣೆಯನ್ನು ಓದದೆ ಬಿಡುತ್ತಿತ್ತು.

ನಾನು ಬರೆದ ಮೂರನೆಯ ಪತ್ರ ಎಲ್ಲಕ್ಕಿಂತ ಚಿಕ್ಕದು. ಹಳೆಯ ಆವೃತ್ತಿಗೆ 415 ಕೊಡಬೇಡಿ, ಪಠ್ಯವನ್ನು ಮೊದಲಿನಂತೆ ಉಳಿಸಿಕೊಳ್ಳಿ, ಆದರೆ ಫೋಟೊ ಉಳಿಯಲಿಲ್ಲ ಎಂಬುದನ್ನು ಹಳೆಯ ಆವೃತ್ತಿಗೂ ತೋರಿಸಲು ಬರುವ ಯಾವುದಾದರೂ ರೂಪದಲ್ಲಿ ತಿಳಿಸಿ ಎಂದು ಕೇಳಿದ್ದೆ. ಯಾವ ರೂಪ ಎಂದು ನನಗೆ ಹೊಳೆದಿರಲಿಲ್ಲ. ಡೆವಲಪರ್‌ಗೆ ಹೊಳೆಯಿತು. ಹಳೆಯ ಆವೃತ್ತಿಗೆ ಖಂಡಿತ ಗೊತ್ತಿರುವ ಒಂದು ಕೆಲಸವೆಂದರೆ ದೂರಿನ ಕೆಳಗಿನ ಉತ್ತರಗಳನ್ನು ತೋರಿಸುವುದು. ಆದ್ದರಿಂದ ಕಡತವಿರುವ ಉತ್ತರ ಬಂದರೆ ಸರ್ವರ್ ಪಠ್ಯವನ್ನು ದಾಖಲಿಸಿ, ಅದರ ಕೆಳಗೆ ತನ್ನದೇ ಹೆಸರಿನಲ್ಲಿ ಮತ್ತೊಂದು ಉತ್ತರವನ್ನು ಸೇರಿಸುತ್ತದೆ: “ಮೇಲಿನ ಉತ್ತರದ ಜೊತೆಗಿದ್ದ ಚಿತ್ರ ಉಳಿದಿಲ್ಲ. ಚಿತ್ರವನ್ನು ಮೂಲ ದೂರಿಗೆ ಸೇರಿಸಿ.” ಯಾವ ಆವೃತ್ತಿಯಾದರೂ ಇದನ್ನು ಸಾಮಾನ್ಯ ಉತ್ತರದಂತೆಯೇ ತೋರಿಸುತ್ತದೆ. ಟೋಸ್ಟ್‌ನಂತೆ ಮಾಯವಾಗುವುದಿಲ್ಲ, ಪರದೆ ಓದುವ ತಂತ್ರಾಂಶಕ್ಕೂ ಸಿಗುತ್ತದೆ, ಮತ್ತು ಕಳುಹಿಸಿದವರು ಪಡೆದವರು ಇಬ್ಬರಿಗೂ ಕಾಣುತ್ತದೆ. ಒಂದು ಚಿತ್ರ ಇತ್ತು ಎಂಬ ಸಂಗತಿಯೇ ಪಡೆಯುವವರಿಗೆ ಮೊದಲು ತಿಳಿಯುತ್ತಿರಲಿಲ್ಲ. ನಾನು ಕೇಳಿದ್ದಕ್ಕಿಂತ ಇದು ಒಳ್ಳೆಯ ಪರಿಹಾರ.

ಅದಕ್ಕೂ ಮಿತಿ ಇದೆ. ಹಳೆಯ ಆವೃತ್ತಿಯಲ್ಲಿ ಕಳುಹಿಸಿದವರ ಪರದೆಯಲ್ಲಿ ಫೋನಿನೊಳಗಿನ ಪ್ರತಿ ಇನ್ನೂ ಕಾಣುತ್ತಿರುತ್ತದೆ, ಅದರ ಕೆಳಗೇ ಚಿತ್ರ ಉಳಿದಿಲ್ಲ ಎಂಬ ಸಾಲು ಬರುತ್ತದೆ. ಕಣ್ಣೆದುರು ಇರುವ ಚಿತ್ರವನ್ನು ಇಲ್ಲ ಎನ್ನುವ ಸಾಲನ್ನು ನಂಬುವುದು ಕಷ್ಟ. ಮೇಲ್ವಿಚಾರಕಿಯ ಸಲಹೆಯಂತೆ ಆ ಸಾಲಿಗೆ “ನಿಮ್ಮ ಪರದೆಯಲ್ಲಿ ಕಾಣುತ್ತಿದ್ದರೂ” ಎಂಬ ಮಾತನ್ನು ಸೇರಿಸಿದರು. ಫೋಟೊ ಸರ್ವರ್ ತನಕ ಹೋಗಿ ವ್ಯರ್ಥವಾಗುವುದೂ ಹಳೆಯ ಆವೃತ್ತಿಯಲ್ಲಿ ತಪ್ಪಿಲ್ಲ. ಬ್ರೌಸರ್‌ನಲ್ಲಿ ಅಂಟಿಸಿದ ಚಿತ್ರಕ್ಕೆ ಅಂಟಿಸಿದ ಕ್ಷಣದಲ್ಲೇ ಸೂಚನೆ ಬರಬೇಕಿತ್ತು, ಅದು ಈಗಲೂ ಕಳುಹಿಸಿದ ಮೇಲೆಯೇ ಬರುತ್ತದೆ. ಆ ಬಗ್ಗೆ ಬರೆದದ್ದು ಅವರ ಪಟ್ಟಿಯಲ್ಲಿ ತೆರೆದೇ ಇದೆ. ಉತ್ತರದಲ್ಲಿ ಚಿತ್ರದ ಸೌಲಭ್ಯ ಬೇಕೆಂಬ ಪತ್ರವನ್ನು ಮೇಲ್ವಿಚಾರಕಿ ತಾವೇ ಬರೆದರು. ಸರ್ವರ್ ತಾನಾಗಿ ಸೇರಿಸಿದ ಸಾಲುಗಳು ವಾರಕ್ಕೆ ಎಷ್ಟಾಗುತ್ತವೆ ಎಂದು ಎಣಿಸಿ ನೋಡಿ, ಎಷ್ಟು ಜನರಿಗೆ ಇದು ಬೇಕಾಗಿದೆ ಎಂದು ನಿಮಗೇ ತಿಳಿಯುತ್ತದೆ ಎಂದು ಅದರಲ್ಲಿ ಬರೆದಿದ್ದಾರೆ.